ತೂಕ, ಮುಟ್ಟು, ಗರ್ಭ: ಅತ್ತಿಗೆ-ನಾದಿನಿ ಇಬ್ಬರದೂ ಒಂದೇ ಪ್ರಶ್ನೆ

ಪ್ರಶ್ನೆ: ಮೇಡಂ, ನನಗೆ 29 ವರ್ಷ. ದಾವಣಗೆರೆಯವಳು. ಒಂದೂವರೆ ವರ್ಷದಿಂದ ಮಗುವಿಗಾಗಿ ಪ್ರಯತ್ನ ಮಾಡ್ತಿದ್ದೀವಿ. ಎತ್ತರ 155 ಸೆಂ.ಮೀ., ತೂಕ 70 ಕೆ.ಜಿ. ಮುಟ್ಟು 45 ದಿನಕ್ಕೆ, ಕೆಲವು ಸಲ 60 ದಿನಕ್ಕೆ ಬರುತ್ತೆ. ಸ್ಕ್ಯಾನ್ ಮಾಡಿ ಪಿಸಿಒಡಿ ಅಂದರು. "15 ಕೆ.ಜಿ. ಇಳಿಸಿಕೊಂಡು ಬನ್ನಿ, ಆಮೇಲೆ ನೋಡೋಣ" ಅಂತ ಕಳಿಸಿದರು. ನಮ್ಮ ನಾದಿನಿ ಬೆಂಗಳೂರಲ್ಲಿ ಕೆಲಸ ಮಾಡ್ತಾಳೆ, ದಿನಾ ಓಡ್ತಾಳೆ. 160 ಸೆಂ.ಮೀ. ಎತ್ತರಕ್ಕೆ ಬರೀ 43 ಕೆ.ಜಿ. ಇದ್ದಾಳೆ. ಅವಳಿಗೂ ಮೂರು ತಿಂಗಳಿಗೊಮ್ಮೆ ಮುಟ್ಟು, ಅವಳಿಗೂ ಮಗು ಆಗಿಲ್ಲ. ಹಾಗಾದರೆ ತೂಕಕ್ಕೂ ಗರ್ಭಕ್ಕೂ ಸಂಬಂಧ ಇದೆಯಾ, ಇಲ್ವಾ? ನಾನು ಅನ್ನ ಬಿಟ್ಟು ಶೇಕ್ ಪುಡಿ ಶುರು ಮಾಡಲಾ?

ಉತ್ತರ: ಸಂಬಂಧ ಇದೆ. ಆದರೆ ತೂಕ ನೇರವಾಗಿ ಗರ್ಭವನ್ನು ತಡೆಯುವುದಿಲ್ಲ. ನಡುವೆ ಅಂಡಾಣು ಇದೆ. ತೂಕ ತೀರಾ ಹೆಚ್ಚಾದರೂ, ತೀರಾ ಕಡಿಮೆಯಾದರೂ ಅಂಡಾಶಯದಿಂದ ಅಂಡಾಣು ಹೊರಬರುವ ಕೆಲಸ ಕೆಡಬಹುದು. ನಿಮ್ಮಿಬ್ಬರ ದೇಹ ಬೇರೆ ಬೇರೆ, ಕಾರಣವೂ ಬೇರೆ. ಆದರೆ ಇಬ್ಬರಲ್ಲೂ ಅಡಚಣೆ ಬಂದಿರುವುದು ಇದೇ ಜಾಗದಲ್ಲಿ ಅಂತ ನಿಮ್ಮ ಮುಟ್ಟಿನ ಲೆಕ್ಕ ಹೇಳುತ್ತಿದೆ.

28 ದಿನಕ್ಕೆ ಸರಿಯಾಗಿ ಮುಟ್ಟಾಗುವವರಿಗೆ ವರ್ಷಕ್ಕೆ ಸುಮಾರು 13 ಸಲ ಅವಕಾಶ ಸಿಗುತ್ತದೆ. 45ರಿಂದ 60 ದಿನಕ್ಕೊಮ್ಮೆ ಆದರೆ ಸಿಗುವುದು 6ರಿಂದ 8 ಸಲ. ಅದರಲ್ಲೂ ಕೆಲವು ಸಲ ಅಂಡಾಣು ಬಾರದೆಯೇ ರಕ್ತಸ್ರಾವ ಆಗಿರುತ್ತದೆ. ಹಾಗಾಗಿ ಒಂದೂವರೆ ವರ್ಷ ಪ್ರಯತ್ನಿಸಿದ್ದೀರಿ ಅಂತ ನೀವು ಹೇಳಿದಾಗ ನಾನು ಮನಸ್ಸಿನಲ್ಲಿ ಲೆಕ್ಕ ಹಾಕುವುದು ತಿಂಗಳುಗಳನ್ನಲ್ಲ. ಅಷ್ಟರಲ್ಲಿ ಎಷ್ಟು ಅಂಡಾಣು ಬಂದಿರಬಹುದು ಅಂತ ನೋಡುತ್ತೇನೆ. ಬಹುಶಃ ಐದೋ ಆರೋ. ಮುಟ್ಟು ಸರಿಯಿರುವ ದಂಪತಿಗೆ ಇದು ಅರ್ಧ ವರ್ಷದ ಪ್ರಯತ್ನಕ್ಕೂ ಸಮ ಆಗುವುದಿಲ್ಲ.

"ಪಕ್ಕದ ಮನೆಯವಳು 80 ಕೆ.ಜಿ. ಇದ್ದಾಳೆ, ಎರಡು ಮಕ್ಕಳಿದ್ದಾವಲ್ಲ" ಅಂತ ತುಂಬಾ ಜನ ಕೇಳುತ್ತಾರೆ. ನಿಜ. ದಪ್ಪಗಿದ್ದೂ ತಿಂಗಳು ತಿಂಗಳು ಅಂಡಾಣು ಬಿಡುಗಡೆ ಆಗುವ ಹೆಂಗಸರು ಸಾಕಷ್ಟಿದ್ದಾರೆ. ಅವರಿಗೂ ಗರ್ಭ ನಿಲ್ಲುವುದು ಸ್ವಲ್ಪ ತಡವಾಗಬಹುದು, ಆದರೆ ದಾರಿ ಮುಚ್ಚಿರುವುದಿಲ್ಲ. ಪಿಸಿಒಡಿ ಇದ್ದು ತೂಕವೂ ಸೇರಿಕೊಂಡಾಗಲೇ ಕಷ್ಟ ಜಾಸ್ತಿ.

ನಿಮ್ಮ ದೇಹದಲ್ಲಿ ಏನಾಗುತ್ತಿರಬಹುದು ನೋಡಿ. ಊಟದ ಸಕ್ಕರೆಯನ್ನು ರಕ್ತದಿಂದ ಸ್ನಾಯುಗಳಿಗೆ ಸೇರಿಸುವ ಕೆಲಸ ಇನ್ಸುಲಿನ್‌ದು. ಹೊಟ್ಟೆಯ ಸುತ್ತ ಕೊಬ್ಬು ಹೆಚ್ಚಾದಾಗ ಸ್ನಾಯುಗಳು ಇನ್ಸುಲಿನ್ ಮಾತು ಸರಿಯಾಗಿ ಕೇಳುವುದಿಲ್ಲ. ಆಗ ದೇಹ ಅದನ್ನು ಇನ್ನಷ್ಟು ತಯಾರಿಸುತ್ತದೆ. ಸ್ನಾಯು ಕೇಳದಿದ್ದರೂ ಅಂಡಾಶಯ ಕೇಳುತ್ತದೆ. ಹೆಚ್ಚಾದ ಇನ್ಸುಲಿನ್‌ನಿಂದಾಗಿ ಅಂಡಾಶಯ ಪುರುಷ ಹಾರ್ಮೋನನ್ನು ಜಾಸ್ತಿ ತಯಾರಿಸುತ್ತದೆ. ಪುಟ್ಟ ಪುಟ್ಟ ಅಂಡಕೋಶಗಳು ಬೆಳೆಯಲು ಶುರು ಮಾಡುತ್ತವೆ, ಆದರೆ ಯಾವುದೂ ಪೂರ್ತಿ ಹಣ್ಣಾಗಿ ಒಡೆಯುವುದಿಲ್ಲ. ನಿಮ್ಮ ಸ್ಕ್ಯಾನ್‌ನಲ್ಲಿ ಕಂಡ 'ಗುಳ್ಳೆಗಳು' ಇವೇ. ಅವು ಗೆಡ್ಡೆಯಲ್ಲ, ತೆಗೆಸಬೇಕಾದ್ದೂ ಇಲ್ಲ. ಅರ್ಧಕ್ಕೆ ನಿಂತ ಅಂಡಕೋಶಗಳು, ಅಷ್ಟೇ. ಗದ್ದದ ಮೇಲೆ ಕೂದಲು, ಮೊಡವೆ, ಕುತ್ತಿಗೆಯ ಹಿಂದೆ ಕಪ್ಪು ಪಟ್ಟಿ ಇದ್ದರೆ ಅದೂ ಇದೇ ಕಥೆಯ ಭಾಗ. ಕುತ್ತಿಗೆಯ ಕಪ್ಪನ್ನು ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಅದು ಕೊಳೆಯಲ್ಲ, ಇನ್ಸುಲಿನ್ ಹೆಚ್ಚಿರುವ ಗುರುತು.

ಈಗ ಆ 15 ಕೆ.ಜಿ. ವಿಷಯ. ಅದು ಎಲ್ಲಿಂದ ಬಂತು ಅಂತ ಊಹಿಸಬಲ್ಲೆ. ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಈಗ ಸುಮಾರು 29. ಭಾರತೀಯರಲ್ಲಿ ಕಡಿಮೆ ತೂಕಕ್ಕೇ ಸಕ್ಕರೆ ಕಾಯಿಲೆ ಬರುವುದರಿಂದ ನಮಗೆ 23ಕ್ಕಿಂತ ಕೆಳಗಿದ್ದರೆ ಸರಿ, 25 ದಾಟಿದರೆ ಬೊಜ್ಜು ಅಂತ ಇಟ್ಟುಕೊಂಡಿದ್ದೇವೆ. ನಿಮ್ಮ ಎತ್ತರಕ್ಕೆ 23ರ ಕೆಳಗೆ ಬರಬೇಕಾದರೆ 55 ಕೆ.ಜಿ. ಆಗಬೇಕು. 70ರಿಂದ 55 ಕಳೆದರೆ 15. ಜೀವನಪೂರ್ತಿ ಆರೋಗ್ಯಕ್ಕೆ ಅದು ಒಳ್ಳೆಯ ಸಂಖ್ಯೆಯೇ. ಆದರೆ ಅಂಡಾಣು ಬರುವುದಕ್ಕೆ ಅಷ್ಟು ಇಳಿಯಬೇಕಿಲ್ಲ. ಈಗಿರುವ ತೂಕದ ನೂರಕ್ಕೆ 5ರಿಂದ 10ರಷ್ಟು ಇಳಿದರೆ ಪಿಸಿಒಡಿ ಇರುವ ಬಹಳಷ್ಟು ಹೆಂಗಸರಲ್ಲಿ ಮುಟ್ಟು ಹತ್ತಿರ ಬರುತ್ತದೆ. ನಿಮಗೆ ಅದು ಮೂರೂವರೆಯಿಂದ ಏಳು ಕೆ.ಜಿ. ಮೊದಲ ಗುರಿ 66.5. ಹೊಟ್ಟೆಯ ಕೊಬ್ಬು ಕರಗಲು ಶುರುವಾದ ಕೂಡಲೇ ಇನ್ಸುಲಿನ್ ಇಳಿಯುತ್ತದೆ. ಅದಕ್ಕೇ ಇಷ್ಟು ಸಣ್ಣ ಬದಲಾವಣೆಗೂ ಫಲ ಸಿಗುವುದು.

ನನ್ನ ಹತ್ತಿರ ಬಂದಿದ್ದ ಒಬ್ಬರ ವಿಷಯ ಹೇಳುತ್ತೇನೆ. 31 ವರ್ಷ, 158 ಸೆಂ.ಮೀ., 76 ಕೆ.ಜಿ., ಮುಟ್ಟು 50 ದಿನಕ್ಕೊಮ್ಮೆ. "ನಾನು ಏನೂ ತಿನ್ನಲ್ಲ ಮೇಡಂ" ಅಂದರು. ನಾನು ನಂಬಿದೆ. ಯಾಕೆಂದರೆ ಹೀಗೆ ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ, ತಟ್ಟೆಗೆ ಬಂದಿದ್ದನ್ನು ಮಾತ್ರ ಲೆಕ್ಕ ಹಿಡಿದಿರುತ್ತಾರೆ. ಒಂದು ವಾರ ಬಾಯಿಗೆ ಹಾಕಿದ್ದನ್ನೆಲ್ಲ ಬರೆದು ತನ್ನಿ ಅಂದೆ. ಬ್ಯಾಂಕಿನ ಹಳೇ ಡೈರಿಯಲ್ಲಿ ಬರೆದು ತಂದರು. ದಿನಕ್ಕೆ ಐದು ಟೀ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ. ಬೆಳಗ್ಗೆ ಎಲ್ಲರಿಗೂ ಡಬ್ಬಿ ಕಟ್ಟಿ, ತಾವು ತಿಂಡಿ ತಿನ್ನುವಾಗ ಹತ್ತೂವರೆ. ಮಧ್ಯಾಹ್ನ ಅನ್ನ ಸಾರು, ಪಲ್ಯ ಹೆಸರಿಗಷ್ಟೇ. ಸಂಜೆ ಮಂಡಕ್ಕಿ ಮಿರ್ಚಿ. ರಾತ್ರಿ ಗಂಡ ಬಂದ ಮೇಲೆ ಹತ್ತೂವರೆಗೆ ಮತ್ತೆ ಅನ್ನ, ಮಿಕ್ಕಿದ್ದು ಚೆಲ್ಲಬಾರದು ಅಂತ ಇನ್ನೊಂದು ಸೌಟು.

ಅವರಿಗೆ ನಾನು ಡಯಟ್ ಚಾರ್ಟ್ ಕೊಡಲಿಲ್ಲ. ಅಚ್ಚು ಹಾಕಿದ ಚಾರ್ಟ್ ಫ್ರಿಜ್ ಮೇಲೆ ಅಂಟಿ ಕೂರುತ್ತದೆ, ಮನೆಯ ಅಡುಗೆ ಹಾಗೇ ನಡೆಯುತ್ತದೆ. ನಾಲ್ಕೇ ವಿಷಯ ಬದಲಿಸಿದೆವು. ಟೀ ಎರಡಕ್ಕೆ ಇಳಿಯಿತು, ಸಕ್ಕರೆ ಅರ್ಧ ಚಮಚ. ಐದು ಟೀಯಲ್ಲಿ ಹೋಗುತ್ತಿದ್ದ ಹತ್ತು ಚಮಚ ಸಕ್ಕರೆ ಅಂದರೆ ಸುಮಾರು 40 ಗ್ರಾಂ, ಸಣ್ಣ ಮೊತ್ತವಲ್ಲ. ತಿಂಡಿ ಎಂಟೂವರೆಗೆ, ಜೊತೆಗೆ ಒಂದು ಮೊಟ್ಟೆ ಇಲ್ಲವೇ ಮೊಳಕೆ ಹೆಸರುಕಾಳು. ಮಧ್ಯಾಹ್ನ ಎರಡು ಜೋಳದ ರೊಟ್ಟಿ, ಒಂದು ದೊಡ್ಡ ಬಟ್ಟಲು ಕಾಳು ಪಲ್ಯ, ಹಸಿ ಸೌತೆಕಾಯಿ, ಮೊಸರು, ಕೊನೆಗೆ ಒಂದು ಸೌಟು ಅನ್ನ. ರಾತ್ರಿ ಊಟ ಎಂಟಕ್ಕೆ, ಗಂಡನಿಗೆ ಕಾಯದೆ. ಈ ಕೊನೆಯದು ಎಲ್ಲಕ್ಕಿಂತ ಕಷ್ಟವಾಯಿತು. ಅದಕ್ಕೆ ಗಂಡ ಮತ್ತು ಅತ್ತೆ ಇಬ್ಬರನ್ನೂ ಕರೆಸಿ ಮಾತಾಡಬೇಕಾಯಿತು.

ವ್ಯಾಯಾಮಕ್ಕೆ ಜಿಮ್ ಬೇಡ ಅಂದೆ. ವಾರಕ್ಕೆ ಐದು ದಿನ 35 ನಿಮಿಷ ಬಿರುಸಾಗಿ ನಡೆಯುವುದು. ಮಾತಾಡಬಹುದು ಆದರೆ ಹಾಡು ಹೇಳಲಾಗದು, ಅಷ್ಟು ಬಿರುಸು. ಜೊತೆಗೆ ವಾರಕ್ಕೆ ಮೂರು ದಿನ ಬಸ್ಕಿ. ಕುರ್ಚಿ ಹಿಡಿದು ಹತ್ತರಿಂದ ಶುರು ಮಾಡಿ ಮೂವತ್ತಕ್ಕೆ ಬಂದರು. ಬಸ್ಕಿ ಯಾಕೆಂದರೆ ತೊಡೆಯದ್ದು ದೇಹದ ಅತಿ ದೊಡ್ಡ ಸ್ನಾಯುಗಳು. ಅವು ದುಡಿಯುವಾಗ ಇನ್ಸುಲಿನ್‌ಗೆ ಹೆಚ್ಚು ಕಾಯದೆ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತವೆ. ತೂಕ ಇಳಿಯದಿದ್ದರೂ ಈ ಲಾಭ ಸಿಗುತ್ತದೆ.

ಮೊದಲ ತಿಂಗಳು ಇಳಿದಿದ್ದು ಒಂದೂವರೆ ಕೆ.ಜಿ. ಎರಡನೇ ತಿಂಗಳು ಬರೀ ಅರ್ಧ. ಅವರು ಅತ್ತೇಬಿಟ್ಟರು. ನಾನು ಕ್ಯಾಲೆಂಡರ್ ತೋರಿಸಿದೆ. ಮುಟ್ಟು 50 ದಿನದಿಂದ 41ಕ್ಕೆ ಬಂದಿತ್ತು. ಮುಂದೆ 36, ಆಮೇಲೆ 34. ಐದು ತಿಂಗಳಲ್ಲಿ ಒಟ್ಟು ಇಳಿದಿದ್ದು ನಾಲ್ಕೂವರೆ ಕೆ.ಜಿ. ಆಗ ಅಂಡಾಣು ಬೆಳೆಸುವ ಲೆಟ್ರೊಜೋಲ್ ಮಾತ್ರೆ ಕೊಟ್ಟೆ. ಮೂರನೇ ಸುತ್ತಿನಲ್ಲಿ ಗರ್ಭ ನಿಂತಿತು. ಎಲ್ಲರಿಗೂ ಹೀಗೇ ಆಗುತ್ತದೆ ಅಂತಲ್ಲ. ತೂಕದ ಮೆಷಿನ್‌ಗಿಂತ ಮುಟ್ಟಿನ ಕ್ಯಾಲೆಂಡರ್ ಮೊದಲು ಸುದ್ದಿ ಕೊಡುತ್ತದೆ ಅನ್ನುವುದಕ್ಕೆ ಇವರ ಕಥೆ ಹೇಳಿದೆ. ನೀವೂ ಇವತ್ತೇ ಗೋಡೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಲು ಶುರು ಮಾಡಿ.

ಇನ್ನು ಶೇಕ್ ಪುಡಿ. ಬೇಡ. ಎರಡು ಹೊತ್ತು ಊಟದ ಬದಲು ಪುಡಿ ಕುಡಿದರೆ ತೂಕ ಬೇಗ ಇಳಿಯುತ್ತದೆ, ನಿಜ. ಆದರೆ ಹೀಗೆ ಸರಸರ ಇಳಿಯುವಾಗ ದೇಹ ಅದನ್ನು ಬರಗಾಲ ಅಂತ ತಿಳಿದು ಅಂಡಾಣುವನ್ನೇ ನಿಲ್ಲಿಸಬಹುದು. ಪುಡಿ ಬಿಟ್ಟ ಮೇಲೆ ತೂಕವೂ ವಾಪಸ್ಸು. ಡಬ್ಬಿಯಲ್ಲಿ ಏನೇನಿದೆ ಅಂತ ಪೂರ್ತಿ ಬರೆಯದ ಗಿಡಮೂಲಿಕೆ ಪುಡಿಗಳಂತೂ ಗರ್ಭಕ್ಕಾಗಿ ಕಾಯುವವರ ಹತ್ತಿರವೂ ಸುಳಿಯಬಾರದು. ತಿಂಗಳಿಗೆ ಒಂದರಿಂದ ಎರಡು ಕೆ.ಜಿ. ಇಳಿಯುವುದು ಸಾಕು. ಅನ್ನವನ್ನೂ ಪೂರ್ತಿ ಬಿಡಬೇಡಿ, ಅಳತೆ ಕಡಿಮೆ ಮಾಡಿ. ತೂಕ ಇಳಿಸುವ ಇಂಜೆಕ್ಷನ್ ಬಗ್ಗೆ ನೀವು ಕೇಳಿಲ್ಲ, ಆದರೆ ಈಗ ಎಲ್ಲ ಕಡೆ ಅದೇ ಮಾತು, ಹಾಗಾಗಿ ಹೇಳಿಬಿಡುತ್ತೇನೆ. ಸೆಮಾಗ್ಲುಟೈಡ್ ತಗೊಳ್ಳುವವರು ಗರ್ಭಕ್ಕೆ ಪ್ರಯತ್ನಿಸುವ ಕನಿಷ್ಠ ಎರಡು ತಿಂಗಳು ಮೊದಲೇ ನಿಲ್ಲಿಸಬೇಕು. ತಗೊಳ್ಳುತ್ತಿರುವಷ್ಟು ದಿನ ಗರ್ಭ ನಿಲ್ಲದಂತೆ ಎಚ್ಚರ ವಹಿಸಬೇಕು. ತೂಕ ಇಳಿದಂತೆ ನಿಂತಿದ್ದ ಅಂಡಾಣು ಶುರುವಾಗಿ, ಇಂಜೆಕ್ಷನ್ ನಡುವೆಯೇ ಗರ್ಭ ನಿಲ್ಲುವುದುಂಟು.

"ಇಳಿಸಿಕೊಂಡು ಬನ್ನಿ, ಆಮೇಲೆ ನೋಡೋಣ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನೆದರ್ಲೆಂಡ್ಸ್‌ನಲ್ಲಿ ಬಿಎಂಐ 29 ದಾಟಿದ, ಮಗುವಾಗದ 577 ಹೆಂಗಸರ ಮೇಲೆ ಒಂದು ಅಧ್ಯಯನ ನಡೆಯಿತು. ಅದರ ಫಲಿತಾಂಶ 2016ರಲ್ಲಿ ಬಂತು. ಅರ್ಧ ಜನರಿಗೆ ಮೊದಲು ಆರು ತಿಂಗಳು ಊಟ ಮತ್ತು ವ್ಯಾಯಾಮದ ಕಾರ್ಯಕ್ರಮ, ಆಮೇಲೆ ಚಿಕಿತ್ಸೆ. ಇನ್ನರ್ಧ ಜನರಿಗೆ ನೇರ ಚಿಕಿತ್ಸೆ. ಎರಡು ವರ್ಷದ ಕೊನೆಗೆ ನೋಡಿದರೆ ಕಾಯಿಸಿದ ಗುಂಪಿನಲ್ಲಿ ದಿನ ತುಂಬಿ, ಸಿಸೇರಿಯನ್ ಇಲ್ಲದೆ ಆರೋಗ್ಯವಂತ ಒಂಟಿ ಮಗು ಹುಟ್ಟಿದ ಹೆರಿಗೆಗಳು ಹೆಚ್ಚಿರಲಿಲ್ಲ. ನೂರಕ್ಕೆ 27, ನೇರ ಚಿಕಿತ್ಸೆಯವರಲ್ಲಿ 35. ಆದರೆ ಚಿಕಿತ್ಸೆಯಿಲ್ಲದೆ ತಾನಾಗಿ ಗರ್ಭ ನಿಂತವರು ತೂಕ ಇಳಿಸಿದ ಗುಂಪಿನಲ್ಲೇ ಜಾಸ್ತಿ: ನೂರಕ್ಕೆ 26, ಇನ್ನೊಂದು ಗುಂಪಿನಲ್ಲಿ 16. ಇದರಿಂದ ನಾನು ತಿಳಿದುಕೊಂಡಿದ್ದು ಇಷ್ಟು. ತೂಕ ಇಳಿಸುವುದರಿಂದ ಲಾಭ ಇದೆ, ಆದರೆ ಅದನ್ನು ಮುಂದಿಟ್ಟು ಬಾಗಿಲು ಹಾಕಬಾರದು. ನಿಮಗೆ 29. ಮೂರರಿಂದ ಆರು ತಿಂಗಳು ಊಟ ಮತ್ತು ನಡಿಗೆಗೆ ಕೊಡಬಹುದು. ನಿಮ್ಮದೇ ತೂಕದವರು 36ನೇ ವಯಸ್ಸಿಗೆ ಬಂದರೆ ನಾನು ಒಂದು ತಿಂಗಳೂ ಕಾಯಿಸುವುದಿಲ್ಲ, ಎರಡನ್ನೂ ಜೊತೆಯಲ್ಲೇ ಶುರು ಮಾಡುತ್ತೇನೆ. ವಯಸ್ಸು ಕಸಿದುಕೊಳ್ಳುವುದನ್ನು ನಾಲ್ಕು ಕೆ.ಜಿ. ಇಳಿಸಿ ವಾಪಸ್ಸು ತರಲಾಗುವುದಿಲ್ಲ.

ಈ ಆರು ತಿಂಗಳು ಸುಮ್ನೆ ಕೂರಬೇಡಿ. ಥೈರಾಯ್ಡ್, ಪ್ರೊಲ್ಯಾಕ್ಟಿನ್, ಹಿಮೋಗ್ಲೋಬಿನ್ ನೋಡಿಸಿ. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ತಪ್ಪದೆ ಮಾಡಿಸಿ. ಮಗುವಿನ ಹೃದಯ, ಬೆನ್ನುಹುರಿ ರೂಪುಗೊಳ್ಳುವುದು ಮೊದಲ ಕೆಲವು ವಾರಗಳಲ್ಲಿ. ಆಗ ತಾಯಿಯ ಸಕ್ಕರೆ ಹೆಚ್ಚಿದ್ದರೆ ಅಂಗದೋಷದ ಅಪಾಯ ಇದೆ. 45-60 ದಿನದ ಮುಟ್ಟಿನವರಿಗೆ ಗರ್ಭ ನಿಂತಿದ್ದು ಗೊತ್ತಾಗುವುದೇ ತಡ. ಅದಕ್ಕೇ ಫೋಲಿಕ್ ಆ್ಯಸಿಡ್ ಮಾತ್ರೆಯನ್ನೂ ಈಗಲೇ ಶುರು ಮಾಡಬೇಕು. ಸಾಮಾನ್ಯವಾಗಿ ದಿನಕ್ಕೆ 400 ಮೈಕ್ರೋಗ್ರಾಂ ಸಾಕು. ಸಕ್ಕರೆ ಕಾಯಿಲೆ ಇದ್ದರೆ ಅಥವಾ ಬಿಎಂಐ 30 ದಾಟಿದ್ದರೆ 5 ಮಿಲಿಗ್ರಾಂ ಕೊಡುವುದುಂಟು. ನೀವು ಆ ಗೆರೆಯ ಹತ್ತಿರವೇ ಇದ್ದೀರಿ, ನಿಮ್ಮ ಡಾಕ್ಟರನ್ನು ಕೇಳಿ ಅಳತೆ ನಿರ್ಧರಿಸಿ.

ಅಂಡಾಣು ಬಂತೋ ಇಲ್ಲವೋ ನೋಡುವ ಪ್ರೊಜೆಸ್ಟರಾನ್ ಪರೀಕ್ಷೆಯಲ್ಲಿ ಒಂದು ತಪ್ಪು ಪದೇ ಪದೇ ನಡೆಯುತ್ತದೆ. ಚೀಟಿಯಲ್ಲಿ '21ನೇ ದಿನ' ಅಂತ ಬರೆದಿರುತ್ತಾರೆ. ಅದು 28 ದಿನದ ಮುಟ್ಟಿನವರ ಲೆಕ್ಕ. ಅಂಡಾಣು ಬರುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. ಹಾರ್ಮೋನ್ ಏರಿರುವುದು ಮುಟ್ಟಿಗೆ ವಾರ ಇರುವಾಗ. 45 ದಿನದ ಮುಟ್ಟಿದ್ದರೆ ರಕ್ತ ಕೊಡಬೇಕಾದ್ದು 38ನೇ ದಿನ. 21ರಂದೇ ಕೊಟ್ಟರೆ "ಅಂಡಾಣು ಬಂದಿಲ್ಲ" ಅಂತ ಸುಳ್ಳು ಸುದ್ದಿ ಬರುತ್ತದೆ. ನಿಮ್ಮದು 45ರಿಂದ 60ರ ನಡುವೆ ಓಡಾಡುವುದರಿಂದ 38ಕ್ಕೆ ಒಮ್ಮೆ ಕೊಟ್ಟು, ಮುಟ್ಟಾಗುವ ತನಕ ವಾರಕ್ಕೊಮ್ಮೆ ಮತ್ತೆ ಕೊಡಬೇಕಾಗಬಹುದು.

ನಿಮ್ಮ ಯಜಮಾನರ ಬಗ್ಗೆ ಪತ್ರದಲ್ಲಿ ಒಂದು ಸಾಲೂ ಇಲ್ಲ. ಅವರ ವೀರ್ಯ ಪರೀಕ್ಷೆ ಆಗದೆ ನಿಮ್ಮ ತೂಕದ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ. ಎರಡರಿಂದ ಏಳು ದಿನ ಸಂಪರ್ಕ ಇಲ್ಲದೆ ಇದ್ದು ಮಾದರಿ ಕೊಟ್ಟರೆ ಆಯ್ತು. ಅವರಿಗೂ ಹೊಟ್ಟೆ ಬಂದಿದ್ದರೆ ಈ ಊಟ, ನಡಿಗೆ ಅವರಿಗೂ ಅನ್ವಯಿಸುತ್ತದೆ. ಗಂಡಸರ ಕೊಬ್ಬಿನಲ್ಲಿ ಟೆಸ್ಟೋಸ್ಟಿರಾನ್ ಹೆಣ್ಣು ಹಾರ್ಮೋನಾಗಿ ಬದಲಾಗುತ್ತದೆ, ವೀರ್ಯಾಣು ಕುಗ್ಗಬಹುದು. ಹೊಸ ವೀರ್ಯಾಣು ತಯಾರಾಗಲು ಎರಡೂವರೆಯಿಂದ ಮೂರು ತಿಂಗಳು ಬೇಕು. ಹಾಗಾಗಿ ಇವತ್ತು ಮಾಡಿದ ಬದಲಾವಣೆ ಪರೀಕ್ಷೆಯಲ್ಲಿ ಕಾಣುವುದು ಮೂರು ತಿಂಗಳಿಗೆ.

ನಿಮ್ಮ ನಾದಿನಿಯ ವಿಷಯದಲ್ಲಿ ನನಗೆ ನಿಮಗಿಂತ ಹೆಚ್ಚು ಚಿಂತೆ. ಸಣ್ಣಗಿರುವವರನ್ನು ನೋಡಿ ಯಾರಿಗೂ ಗಾಬರಿಯಾಗುವುದಿಲ್ಲ. "ಒಳ್ಳೆ ಫಿಟ್ ಆಗಿದ್ದೀಯ" ಅಂತ ಹೊಗಳುತ್ತಾರೆ. ಅವರ ಬಿಎಂಐ 17ಕ್ಕೂ ಕಡಿಮೆ. ಸರಿಯಾದ ತೂಕದ ಕೆಳಗಿನ ಗೆರೆ 18.5. ಅವರ ಅಂಡಾಶಯ ಚೆನ್ನಾಗಿಯೇ ಇರಬಹುದು, ಆದೇಶ ಬರುತ್ತಿಲ್ಲ ಅಷ್ಟೇ. ದೇಹದ ಕೊಬ್ಬು ಲೆಪ್ಟಿನ್ ಅನ್ನುವ ಹಾರ್ಮೋನಿನ ಮೂಲಕ ಮೆದುಳಿಗೆ "ಮನೆಯಲ್ಲಿ ದಾಸ್ತಾನಿದೆ" ಅಂತ ಹೇಳುತ್ತಿರುತ್ತದೆ. ಕೊಬ್ಬು ಕರಗಿ, ತಿಂದಿದ್ದಕ್ಕಿಂತ ಓಡಿದ್ದು ಹೆಚ್ಚಾದರೆ ಆ ಸುದ್ದಿ ನಿಲ್ಲುತ್ತದೆ. ಮೆದುಳು ಅಂಡಾಶಯಕ್ಕೆ ಕಳಿಸುವ ಸಂಕೇತವನ್ನು ತಗ್ಗಿಸುತ್ತದೆ. ಗರ್ಭಕೋಶ ವೀಕ್ ಅಂತ ಯಾರಾದರೂ ಅಂದಿದ್ದರೆ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಂತ ಅವರಿಗೆ ಹೇಳಿ.

ಅವರಿಗೆ ಬೇಕಿರುವುದು ನಾಲ್ಕೂವರೆ ಕೆ.ಜಿ., ನಿಮ್ಮ ಲೆಕ್ಕದ ಉಲ್ಟಾ. ಮೊದಲು ಮನೆಯಲ್ಲೇ ಗರ್ಭ ಪರೀಕ್ಷೆ. ಆಮೇಲೆ ತೂಕ ಇಳಿಯಲು ಬೇರೆ ಕಾರಣ ಇದೆಯಾ ಅಂತ ನೋಡಬೇಕು. ಥೈರಾಯ್ಡ್ ಹೆಚ್ಚಾಗಿರುವುದು, ಕರುಳಿನ ತೊಂದರೆ, ನಮ್ಮ ಕಡೆ ಮರೆಯಬಾರದ ಕ್ಷಯ. ಅವೆಲ್ಲ ಇಲ್ಲ ಅಂದಮೇಲೆ ಓಟ ವಾರಕ್ಕೆ ಎರಡು ದಿನಕ್ಕೆ ಇಳಿಯಲಿ, ಅದೂ ನಿಧಾನವಾಗಿ. ದಿನಕ್ಕೆ 300ರಿಂದ 500 ಕ್ಯಾಲೊರಿ ಹೆಚ್ಚು ಸೇರಬೇಕು. ಒಂದು ಲೋಟ ಕೆನೆ ಹಾಲು, ಒಂದು ಹಿಡಿ ಶೇಂಗಾ, ಒಂದು ಬಾಳೆಹಣ್ಣು ಸೇರಿದರೆ ಅಷ್ಟಾಗುತ್ತದೆ. ಓಟಕ್ಕೆ ಮೊದಲು ಮತ್ತು ಆದಮೇಲೆ ಏನಾದರೂ ತಿನ್ನಲೇಬೇಕು. ತಿನ್ನುವುದಕ್ಕೇ ಭಯ, ತೂಕ ಏರಿದರೆ ಸಂಕಟ ಅನ್ನಿಸುತ್ತಿದ್ದರೆ ಅದನ್ನು ಹಟ ಅಂತ ತಿಳಿಯಬೇಡಿ. ಅದಕ್ಕೆ ಮನೋವೈದ್ಯರ ಸಹಾಯ ಬೇಕು.

ಮುಟ್ಟು ಬರಲಿ ಅಂತ ಮಾತ್ರೆ ಕೊಟ್ಟರೆ ರಕ್ತ ಬರುತ್ತದೆ, ಅಂಡಾಣು ಬರುವುದಿಲ್ಲ. ಮಾತ್ರೆಯ ಮುಟ್ಟನ್ನು ನೋಡಿ ಎಲ್ಲ ಸರಿಹೋಯ್ತು ಅಂದುಕೊಂಡು ವರ್ಷ ಕಳೆದವರನ್ನು ನೋಡಿದ್ದೇನೆ. ಇಂಜೆಕ್ಷನ್‌ನಿಂದ ಅಂಡಾಣು ಬೆಳೆಸಬಹುದು. ಆದರೆ 43 ಕೆ.ಜಿ.ಯಲ್ಲಿ ಬಸಿರಾದರೆ ಮಗು ಕಡಿಮೆ ತೂಕದ್ದಾಗುವ, ದಿನ ತುಂಬುವ ಮೊದಲೇ ಹೆರಿಗೆಯಾಗುವ ಸಂಭವ ಹೆಚ್ಚು. ಅದಕ್ಕೆ ತೂಕ ಮೊದಲು, ಇಂಜೆಕ್ಷನ್ ಆಮೇಲೆ. ನಿಮಗೆ 15 ಕೆ.ಜಿ. ಇಳಿಯುವ ತನಕ ಕಾಯಬೇಡಿ ಅಂದೆ, ಅವರಿಗೆ ಕಾಯಿರಿ ಅನ್ನುತ್ತಿದ್ದೇನೆ. ತೂಕ ಏರಿದ ಮೇಲೂ ಮುಟ್ಟು ಸರಿಯಾಗಲು ಮೂರರಿಂದ ಆರು ತಿಂಗಳು, ಕೆಲವರಿಗೆ ಇನ್ನೂ ಜಾಸ್ತಿ ಹಿಡಿಯುತ್ತದೆ.

ಇನ್ನೊಂದು ವಿಷಯ ಅವರ ಕಿವಿಗೆ ಹಾಕಿ. ಅಂಡಾಣು ಬಂದ ಎರಡು ವಾರದ ಮೇಲೆ ಮುಟ್ಟು ಬರುವುದು. ಹಾಗಾಗಿ ನಿಂತಿದ್ದ ಮುಟ್ಟು ಕಣ್ಣಿಗೆ ಕಾಣುವ ಮೊದಲೇ ಗರ್ಭ ನಿಂತುಬಿಡಬಹುದು. ಫೋಲಿಕ್ ಆ್ಯಸಿಡ್ ಅವರೂ ಈಗಿಂದಲೇ ತಗೊಳ್ಳಲಿ, ತಿಂಗಳಿಗೊಮ್ಮೆ ಗರ್ಭ ಪರೀಕ್ಷೆಯನ್ನೂ ಮಾಡಿಕೊಳ್ಳುತ್ತಿರಲಿ.